ತರಗತಿಯೊಳಗೆ ಮುಖ್ಯೋಪಾಧ್ಯಾಯರು: ಹೆದರಿಸದೆ ಪಾಠ ಸುಧಾರಿಸುವ ಬಗೆ

ಮುಖ್ಯೋಪಾಧ್ಯಾಯರ ಕೆಲಸದಲ್ಲಿ ಎರಡು ಭಾಗಗಳಿವೆ. ಒಂದು ಶಾಲೆಯನ್ನು ನಡೆಸುವುದು: ಹಾಜರಿ, ಸಂಬಳದ ಬಿಲ್ಲು, ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ ಸಭೆ, ಇಲಾಖೆ ಸಂಜೆಯೊಳಗೆ ಕಳಿಸಿ ಎಂದು ಕೇಳುವ ಮಾಹಿತಿ. ಇನ್ನೊಂದು ತರಗತಿಯಲ್ಲಿ ನಡೆಯುವ ಪಾಠ ದಿನದಿಂದ ದಿನಕ್ಕೆ ಉತ್ತಮವಾಗುವಂತೆ ನೋಡಿಕೊಳ್ಳುವುದು. ಶಿಕ್ಷಣಶಾಸ್ತ್ರದಲ್ಲಿ ಬೋಧನಾ ನಾಯಕತ್ವ ಎಂದು ಕರೆಯುವುದು ಈ ಎರಡನೆಯದನ್ನು. ಮೊದಲನೆಯದು ತಪ್ಪಿದರೆ ಮರುದಿನವೇ ಫೋನು ಬರುತ್ತದೆ. ಎರಡನೆಯದು ತಪ್ಪಿದರೆ ವರ್ಷಗಟ್ಟಲೆ ಯಾರೂ ಕೇಳುವುದಿಲ್ಲ. ಹಾಗಾಗಿ ಬಹಳಷ್ಟು ಶಾಲೆಗಳಲ್ಲಿ ಪಾಠದ ಮೇಲ್ವಿಚಾರಣೆ ಎಂದರೆ ಸೋಮವಾರ ಮೇಜಿನ ಮೇಲೆ ಬಂದು ಬೀಳುವ ಪಾಠ ಟಿಪ್ಪಣಿಯ ಪುಸ್ತಕಗಳಿಗೆ ಸಹಿ ಹಾಕುವುದಷ್ಟೇ ಆಗಿ ಉಳಿದಿದೆ. ಟಿಪ್ಪಣಿ ಬರೆದಿದ್ದಾರೆ ಎಂಬುದಕ್ಕೆ ಆ ಸಹಿ ಸಾಕ್ಷಿಯಾಗಬಹುದು, ಮಕ್ಕಳು ಕಲಿತಿದ್ದಾರೆ ಎಂಬುದಕ್ಕೆ ಆಗುವುದಿಲ್ಲ.

ಪಾಠ ಹೇಗಿದೆ ಎಂದು ತಿಳಿಯಬೇಕಾದರೆ ತರಗತಿಯೊಳಗೆ ಹೋಗಿ ಕೂರಲೇಬೇಕು. ತೊಡಕು ಶುರುವಾಗುವುದು ಅಲ್ಲಿಂದ. ಮುಖ್ಯೋಪಾಧ್ಯಾಯರು ನೋಟ್‌ಬುಕ್ ಹಿಡಿದು ಕೊನೆಯ ಬೆಂಚಿನಲ್ಲಿ ಕುಳಿತ ಕೂಡಲೇ ಪಾಠ ಬೇರೆಯಾಗುತ್ತದೆ. ಇಪ್ಪತ್ತು ವರ್ಷ ಅನುಭವವಿರುವ ಶಿಕ್ಷಕರ ದನಿಯೂ ಬಿಗಿಯಾಗುತ್ತದೆ. ಈ ಹೆದರಿಕೆ ಒಬ್ಬರ ಸ್ವಭಾವದಿಂದ ಬಂದದ್ದಲ್ಲ, ಅದಕ್ಕೆ ನೂರೈವತ್ತು ವರ್ಷ ದಾಟಿದ ಇತಿಹಾಸವಿದೆ. 1854ರ ವುಡ್ ವರದಿಯ ನಂತರ ಭಾರತದ ಪ್ರಾಂತ್ಯಗಳಲ್ಲಿ ಶಿಕ್ಷಣ ಇಲಾಖೆಗಳೂ ಶಾಲೆಗಳನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರುಗಳೂ ಬಂದರು. 1862ರಲ್ಲಿ ಇಂಗ್ಲೆಂಡು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇನ್‌ಸ್ಪೆಕ್ಟರ್ ಬಂದ ದಿನ ಎಷ್ಟು ಮಕ್ಕಳು ಓದು, ಬರಹ, ಲೆಕ್ಕದಲ್ಲಿ ಪಾಸಾಗುತ್ತಾರೋ ಅಷ್ಟಕ್ಕೆ ತಕ್ಕಂತೆ ಶಾಲೆಗೆ ಅನುದಾನ ಕೊಡುವ ಪದ್ಧತಿ ತಂದಿತು. ಮದ್ರಾಸ್ ಪ್ರಾಂತ್ಯದಲ್ಲೂ ಫಲಿತಾಂಶಕ್ಕೆ ತಕ್ಕ ಅನುದಾನ ಕೆಲಕಾಲ ಜಾರಿಯಲ್ಲಿತ್ತು. ಮಂಗಳೂರು, ಬಳ್ಳಾರಿಗಳು ಆಗ ಆ ಪ್ರಾಂತ್ಯಕ್ಕೆ ಸೇರಿದ್ದವು. ನೋಡಲು ಬಂದವರ ಕೈಯಲ್ಲಿ ಅನ್ನದ ಪ್ರಶ್ನೆ ಇದ್ದಾಗ ಮೇಷ್ಟ್ರುಗಳು ಮಾಡಿದ್ದು ಸಹಜವಾದದ್ದೇ. ಆ ಒಂದು ದಿನಕ್ಕಾಗಿ ಮಕ್ಕಳಿಗೆ ಉತ್ತರಗಳನ್ನು ಉರು ಹೊಡೆಸಿದರು.

ಸ್ವಾತಂತ್ರ್ಯದ ನಂತರ ಇದನ್ನು ಬದಲಿಸುವ ಮಾತು ಬೇಗನೆ ಬಂತು. 1952-53ರ ಮುದಲಿಯಾರ್ ಆಯೋಗ, ಇನ್‌ಸ್ಪೆಕ್ಟರು ಶಿಕ್ಷಕರಿಗೆ ಸಲಹೆಗಾರನಂತೆ ಇರಬೇಕು ಎಂದಿತು. 1964-66ರ ಕೊಠಾರಿ ಆಯೋಗ ಆಡಳಿತವನ್ನೂ ಶೈಕ್ಷಣಿಕ ಮೇಲ್ವಿಚಾರಣೆಯನ್ನೂ ಬೇರೆ ಬೇರೆ ಮಾಡಬೇಕೆಂದಿತು. ಹುದ್ದೆಗಳ ಹೆಸರು ಬದಲಾದವು, ಕ್ಲಸ್ಟರ್ ಮಟ್ಟದಲ್ಲಿ ಸಿಆರ್‌ಪಿಗಳು, ಬ್ಲಾಕ್ ಮಟ್ಟದಲ್ಲಿ ಬಿಆರ್‌ಪಿಗಳು ಬಂದರು. ಆದರೂ "ಸಾಹೇಬ್ರು ಬರ್ತಿದ್ದಾರಂತೆ" ಎಂಬ ಸುದ್ದಿ ಬಂದ ಬೆಳಿಗ್ಗೆ ಶಾಲೆಯ ಗೋಡೆಗಳಲ್ಲಿ ಚಾರ್ಟುಗಳು ಏಳುವುದು ನಿಂತಿಲ್ಲ.

ಈ ಗಂಟನ್ನು ಬಿಡಿಸುವ ಒಂದು ಗಟ್ಟಿ ವಿಧಾನ 1950ರ ದಶಕದ ಕೊನೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಕ್ಷಕ ತರಬೇತಿಯಲ್ಲಿ ರೂಪುಗೊಂಡಿತು. ಮೋರಿಸ್ ಕೋಗನ್ ಮತ್ತು ಅವರ ಜೊತೆಗಾರರು ತರಬೇತಿಯಲ್ಲಿದ್ದ ಶಿಕ್ಷಕರ ಪಾಠ ನೋಡಿ ಸಲಹೆ ಕೊಡುತ್ತಿದ್ದರು, ಆ ಸಲಹೆ ಯಾರಿಗೂ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಆಗ ಅವರು ಹುಡುಕಿಕೊಂಡ ಕ್ರಮಕ್ಕೆ ಕ್ಲಿನಿಕಲ್ ಸೂಪರ್‌ವಿಷನ್ ಎಂದು ಹೆಸರು. ಅವರ ಜೊತೆ ಕೆಲಸ ಮಾಡಿದ್ದ ರಾಬರ್ಟ್ ಗೋಲ್ಡ್‌ಹ್ಯಾಮರ್ 1969ರ ಪುಸ್ತಕದಲ್ಲಿ ಇದನ್ನು ಐದು ಹಂತಗಳಾಗಿ ವಿವರಿಸಿದರು: ಪಾಠಕ್ಕೆ ಮೊದಲು ಮಾತು, ಪಾಠ ನೋಡುವುದು, ಬರೆದುಕೊಂಡದ್ದನ್ನು ಕುಳಿತು ವಿಂಗಡಿಸುವುದು, ಶಿಕ್ಷಕರೊಡನೆ ಮಾತು, ಕೊನೆಗೆ ನೋಡಿದವರೇ ತಮ್ಮ ಕೆಲಸ ಹೇಗಾಯಿತೆಂದು ಪರಿಶೀಲಿಸಿಕೊಳ್ಳುವುದು. ಬಿ.ಎಡ್. ಓದಿದವರಿಗೆ ಈ ಹೆಸರು ಪರೀಕ್ಷೆಗೆ ಓದಿದ ನೆನಪಿರಬಹುದು. ಶಾಲೆಯಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದನ್ನು ಉದಾಹರಣೆಗಾಗಿ ಕಟ್ಟಿಕೊಂಡ ಒಂದು ತರಗತಿಯಲ್ಲಿ ನೋಡಬಹುದು.

ಒಂದು ಹಿರಿಯ ಪ್ರಾಥಮಿಕ ಶಾಲೆ. ಆರನೇ ತರಗತಿ, 28 ಮಕ್ಕಳು, ಗಣಿತದ ಪಿರಿಯಡ್ಡು, ಪಾಠ ಭಿನ್ನರಾಶಿಗಳ ಸಂಕಲನ. ಮುಖ್ಯೋಪಾಧ್ಯಾಯರು ನೇರವಾಗಿ ತರಗತಿಗೆ ಹೋಗುವುದಿಲ್ಲ. ಹಿಂದಿನ ದಿನ ಊಟದ ಬಿಡುವಿನಲ್ಲಿ ಶಿಕ್ಷಕಿಯ ಬಳಿ ಕುಳಿತು ಕೇಳುತ್ತಾರೆ: "ನಾಳೆ ಪಾಠದಲ್ಲಿ ಮಕ್ಕಳು ಎಲ್ಲಿ ಎಡವಬಹುದು ಅನ್ಸುತ್ತೆ ಮೇಡಂ?"

"ಛೇದಗಳನ್ನೂ ಕೂಡಿಬಿಡ್ತಾರೆ ಸರ್. ವರ್ಷಾ ವರ್ಷಾ ಇದೇ ಗೋಳು."

"ಹಾಗಾದ್ರೆ ನಾನು ಅದನ್ನೇ ನೋಡ್ಲಾ? ನೀವು ಏನ್ ಕೇಳಿದ್ರಿ, ಯಾರು ಏನ್ ಉತ್ತರ ಕೊಟ್ರು, ಅಷ್ಟು ಮಾತ್ರ ಬರ್ಕೊಳ್ತೀನಿ. ಬರೆದ ಹಾಳೆ ನಿಮಗೇ ಕೊಡ್ತೀನಿ."

ಐದು ನಿಮಿಷದ ಮಾತು ಇದು. ಆದರೆ ಹೆದರಿಕೆಯ ಅರ್ಧ ಭಾಗ ಇಲ್ಲೇ ಇಳಿಯುತ್ತದೆ. ಏನನ್ನು ನೋಡುತ್ತಾರೆ ಎಂಬುದು ಗೊತ್ತಿಲ್ಲದಿದ್ದಾಗ ಶಿಕ್ಷಕರು ಎಲ್ಲವನ್ನೂ ಕಾಪಾಡಿಕೊಳ್ಳಬೇಕಾಗುತ್ತದೆ: ಬೋರ್ಡಿನ ಅಕ್ಷರ, ಮಕ್ಕಳ ಶಿಸ್ತು, ಬೋಧನೋಪಕರಣ, ತನ್ನ ಸೀರೆಯ ನೆರಿಗೆ ಕೂಡ. ನೋಡುವ ವಿಷಯ ಒಂದೇ ಎಂದು ಗೊತ್ತಾದರೆ, ಅದೂ ತಾನೇ ಹೇಳಿದ ತೊಂದರೆಯೇ ಆಗಿದ್ದರೆ, ನೋಡಲು ಬರುವವರು ತನ್ನ ಕಡೆಯವರು ಎಂಬ ಭಾವನೆಗೆ ಒಂದು ಆಧಾರ ಸಿಗುತ್ತದೆ.

ಮರುದಿನ ಮುಖ್ಯೋಪಾಧ್ಯಾಯರು ಪಿರಿಯಡ್ ಶುರುವಾಗುವ ಮೊದಲೇ ಹೋಗಿ, ಮಕ್ಕಳ ಮುಖವೂ ಬೋರ್ಡೂ ಕಾಣುವಂತೆ ಪಕ್ಕದ ಹಿಂಬದಿಯಲ್ಲಿ ಕೂರುತ್ತಾರೆ. ಹಾಳೆಯ ಎಡಗಡೆ ಸಮಯ, ನಡುವೆ ಶಿಕ್ಷಕಿಯ ಮಾತು, ಬಲಗಡೆ ಮಕ್ಕಳ ಉತ್ತರ. ಇನ್ನೊಂದು ಹಾಳೆಯಲ್ಲಿ ಮಕ್ಕಳು ಕುಳಿತಿರುವ ನಕ್ಷೆ. ಯಾರನ್ನು ಹೆಸರು ಹಿಡಿದು ಕೇಳಿದರೋ ಅವರ ಚೌಕದಲ್ಲಿ ಒಂದು ಗೀಟು. ಬರೆಯುವಾಗ ಒಂದು ಕಟ್ಟುನಿಟ್ಟಿನ ನಿಯಮವಿದೆ: ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ. "ಪಾಠ ಚೆನ್ನಾಗಿತ್ತು", "ಮಕ್ಕಳಲ್ಲಿ ಆಸಕ್ತಿ ಇರಲಿಲ್ಲ", "ಪ್ರಶ್ನೆಗಳು ಪರಿಣಾಮಕಾರಿಯಾಗಿಲ್ಲ" ಎಂಬಂಥವು ತೀರ್ಪುಗಳು. ಅವು ಹಾಳೆಗೆ ಬರಬಾರದು. ಹಾಳೆಯ ಒಂದು ಸಾಲು ಹೀಗಿರುತ್ತದೆ: "10.52. ಛೇದ ಬೇರೆ ಬೇರೆ ಇದ್ದರೆ ಏನು ಕಂಡುಹಿಡಿಯಬೇಕು? ಎಲ್ಲರೂ ಒಟ್ಟಿಗೆ: ಲಸಾಅ! ತಕ್ಷಣ."

ಪಾಠದ ನಡುವೆ ಶಿಕ್ಷಕಿ ಏನಾದರೂ ತಪ್ಪು ಹೇಳಿದರೂ ಅಲ್ಲಿ ಬಾಯಿ ಹಾಕುವಂತಿಲ್ಲ. "ಕೊಡಿ ಮೇಡಂ, ನಾನ್ ಹೇಳ್ತೀನಿ" ಎಂದು ಸೀಮೆಸುಣ್ಣ ಕೈಗೆ ತೆಗೆದುಕೊಳ್ಳುವ ಮುಖ್ಯೋಪಾಧ್ಯಾಯರು ಇದ್ದಾರೆ. ಮಕ್ಕಳ ಎದುರು ನಡೆದ ಆ ಒಂದು ಕ್ಷಣವನ್ನು ಶಿಕ್ಷಕರು ನಿವೃತ್ತಿಯವರೆಗೂ ಮರೆಯುವುದಿಲ್ಲ, ಮಕ್ಕಳೂ ಮರೆಯುವುದಿಲ್ಲ. ತಪ್ಪು ದೊಡ್ಡದಾಗಿದ್ದರೆ ಪಿರಿಯಡ್ ಮುಗಿದ ಮೇಲೆ ಹೇಳಿ, ಮಾರನೆಯ ದಿನ ಶಿಕ್ಷಕಿಯೇ ತರಗತಿಯಲ್ಲಿ ಸರಿಪಡಿಸುವಂತೆ ಮಾಡಿದರೆ ಸಾಕು.

ಕೊನೆಯ ಎಂಟು ನಿಮಿಷ ಮಕ್ಕಳಿಗೆ ಅಭ್ಯಾಸದ ಲೆಕ್ಕ ಕೊಟ್ಟಾಗ ಮುಖ್ಯೋಪಾಧ್ಯಾಯರು ಎದ್ದು ಸಾಲುಗಳ ನಡುವೆ ನಡೆದು ಪುಸ್ತಕಗಳನ್ನು ನೋಡುತ್ತಾರೆ. ಪಾಠ ನೋಡುವವರಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಕೆಲಸವಿದು. ಶಿಕ್ಷಕರನ್ನೇ ನೋಡುತ್ತ ಕುಳಿತರೆ ಕಲಿಸಿದ್ದು ಕಾಣುತ್ತದೆ, ಕಲಿತದ್ದು ಕಾಣಬೇಕಾದರೆ ಮಕ್ಕಳ ಪುಸ್ತಕಕ್ಕೇ ಹೋಗಬೇಕು.

ಆಫೀಸಿಗೆ ಬಂದು ಹಾಳೆಯನ್ನು ಎಣಿಸಿದಾಗ ಸಿಕ್ಕ ಚಿತ್ರ ಹೀಗಿದೆ. ನಲವತ್ತು ನಿಮಿಷದಲ್ಲಿ ಶಿಕ್ಷಕಿ ಕೇಳಿದ ಪ್ರಶ್ನೆಗಳು 46. ಅದರಲ್ಲಿ 30ಕ್ಕೆ ಇಡೀ ತರಗತಿ ಒಕ್ಕೊರಲಿನಿಂದ ಉತ್ತರಿಸಿದೆ, ಅವುಗಳಲ್ಲಿ ಹಲವು "ಮೇಲಿರೋದು ಅಂಶ, ಕೆಳಗಿರೋದು ಛೇ...?" "ದಾ!" ಎಂಬಂತೆ ಅರ್ಧ ಪದವನ್ನು ಮಕ್ಕಳು ಮುಗಿಸುವ ಬಗೆಯವು. 9 ಸಲ "ಅರ್ಥ ಆಯ್ತಾ?" ಎಂದು ಕೇಳಿದ್ದಾರೆ, 9 ಸಲವೂ "ಆಯ್ತು ಮಿಸ್" ಎಂಬ ಉತ್ತರ ಬಂದಿದೆ. ಹೆಸರು ಹಿಡಿದು ಕೇಳಿದ್ದು 7 ಪ್ರಶ್ನೆ, ನಕ್ಷೆಯ ಪ್ರಕಾರ ಅದರಲ್ಲಿ 6 ಮೊದಲೆರಡು ಸಾಲಿನ ಮಕ್ಕಳಿಗೆ. ಅಭ್ಯಾಸಕ್ಕೆ ಕೊಟ್ಟ ಲೆಕ್ಕ 1/3 + 1/4. ಸರಿಯಾಗಿ 7/12 ಬರೆದವರು 12 ಮಕ್ಕಳು. 2/7 ಎಂದು ಬರೆದವರು 11. ಉಳಿದ 5 ಮಂದಿ ಪಕ್ಕದವರ ಪುಸ್ತಕ ನೋಡುತ್ತಿದ್ದರು.

ಇಷ್ಟು ಕೈಯಲ್ಲಿದ್ದಾಗ ಎಲ್ಲವನ್ನೂ ಹೇಳಿಬಿಡುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಕೆಲಸ ಕೆಡುತ್ತದೆ. ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಅವ್ರಾಹಂ ಕ್ಲುಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಮನೋವಿಜ್ಞಾನಿಗಳು 1996ರಲ್ಲಿ, ಜನರ ಕೆಲಸದ ಬಗ್ಗೆ ಅವರಿಗೆ ಅಭಿಪ್ರಾಯ ತಿಳಿಸಿದಾಗ ಏನಾಗುತ್ತದೆ ಎಂಬ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು, ನಿಜ. ಆದರೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅಭಿಪ್ರಾಯ ಕೇಳಿದ ಮೇಲೆ ಕೆಲಸ ಇನ್ನೂ ಹದಗೆಟ್ಟಿತ್ತು. ಅವರು ಕೊಟ್ಟ ವಿವರಣೆ ಸರಳ: ಮಾತು ಕೆಲಸದ ಮೇಲಿದ್ದರೆ ಕೇಳುವವರ ಗಮನ ಕೆಲಸದ ಮೇಲೆ ನಿಲ್ಲುತ್ತದೆ, ಮಾತು ವ್ಯಕ್ತಿಯ ಮೇಲೆ ತಿರುಗಿದರೆ ಗಮನ ತನ್ನನ್ನು ಕಾಪಾಡಿಕೊಳ್ಳುವ ಕಡೆ ಹೋಗುತ್ತದೆ. "ನಿಮ್ಮ ಪ್ರಶ್ನೆ ಕೇಳೋ ರೀತಿ ಸರಿಯಿಲ್ಲ" ಎಂಬ ಮಾತಿಗೂ "ಈ ಏಳು ಗೀಟು ಎಲ್ಲೆಲ್ಲಿ ಬಿದ್ದಿವೆ ನೋಡಿ" ಎಂಬ ಮಾತಿಗೂ ಇರುವ ಅಂತರ ಇದೇ.

ಆದ್ದರಿಂದ ಅದೇ ದಿನ ಸಂಜೆಯೋ ಮರುದಿನವೋ, ಬಾಗಿಲಲ್ಲಿ ಯಾರೂ ನಿಂತಿರದ ಹೊತ್ತಿನಲ್ಲಿ, ಮುಖ್ಯೋಪಾಧ್ಯಾಯರು ಹಾಳೆಗಳನ್ನು ಶಿಕ್ಷಕಿಯ ಮುಂದಿಟ್ಟು ಸುಮ್ಮನಾಗುತ್ತಾರೆ. ಮೇಜಿನ ಆಚೆ ಈಚೆ ಕೂರುವ ಬದಲು ಪಕ್ಕದಲ್ಲಿ ಕೂತರೆ ಇಬ್ಬರ ಕಣ್ಣೂ ಹಾಳೆಯ ಮೇಲಿರುತ್ತದೆ. "ಇದು ನಾನು ಬರೆದದ್ದು. ಮೊದಲು ನೀವು ನೋಡಿ."

ಶಿಕ್ಷಕಿ ಓದುತ್ತಾರೆ. "ಇಷ್ಟು ಸಲ ಅರ್ಥ ಆಯ್ತಾ ಅಂದೆನಾ ಸರ್?"

ಆಗ ಮುಖ್ಯೋಪಾಧ್ಯಾಯರು ಪುಸ್ತಕಗಳ ಲೆಕ್ಕ ತೋರಿಸುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಶಿಕ್ಷಕಿಯೇ ಹೇಳುತ್ತಾರೆ: "ಬಾಯಲ್ಲಿ ಲಸಾಅ ಅಂತಾರೆ, ಬರೆಯೋವಾಗ ಕೂಡಿಬಿಡ್ತಾರೆ."

"ಹನ್ನೊಂದು ಮಕ್ಕಳು ಹಾಗೆ ಬರೀತಾರೆ ಅನ್ನೋದು ಪಾಠದ ಮಧ್ಯೆಯೇ ನಿಮಗೆ ಗೊತ್ತಾಗೋ ಹಾಗೆ ಏನ್ ಮಾಡ್ಬಹುದು?"

"ಸ್ಲೇಟು ಕೊಡ್ಬಹುದು ಸರ್. ಉತ್ತರ ಬರೆದು ಎತ್ತಿ ಹಿಡೀರಿ ಅಂದ್ರೆ ಎಲ್ಲರದ್ದೂ ಒಟ್ಟಿಗೆ ಕಾಣುತ್ತೆ."

ಇಲ್ಲಿ ಮುಖ್ಯೋಪಾಧ್ಯಾಯರು ತಮ್ಮ ಕಡೆಯಿಂದ ಒಂದು ಗಣಿತದ ಮಾತು ಸೇರಿಸಬಹುದು. 2/7 ಎಂಬುದು 1/3ಕ್ಕಿಂತ ಕಡಿಮೆ. ಮೂರನೇ ಒಂದು ಭಾಗಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಮೊದಲಿಗಿಂತ ಕಡಿಮೆ ಆಗುವುದು ಹೇಗೆ ಎಂದು ಮಕ್ಕಳನ್ನೇ ಕೇಳಿದರೆ, ಉತ್ತರ ತಪ್ಪು ಎಂಬುದು ಅವರಿಗೇ ಕಾಣುತ್ತದೆ. ಮಾತು ಇಂಥ ಜಾಗಕ್ಕೆ ಬಂದಾಗ ಮೇಲ್ವಿಚಾರಣೆ ನಿಜವಾದ ಬೋಧನೆಯ ಕೆಲಸವಾಗುತ್ತದೆ. ದನಿ ಏರಿಳಿತ, ಕಪ್ಪುಹಲಗೆಯ ಬಳಕೆ ಎಂದು ಮೇಲುಮೇಲಿನ ಸಂಗತಿಗಳಲ್ಲೇ ಸುತ್ತುವ ಮಾತಿನಿಂದ ಭಿನ್ನರಾಶಿಯ ತಪ್ಪು ತಿದ್ದಿಕೊಳ್ಳುವುದಿಲ್ಲ.

ಕೊನೆಗೆ ಒಪ್ಪಂದವಾಗುವುದು ಒಂದೇ ಬದಲಾವಣೆಗೆ: ಪಿರಿಯಡ್ಡಿಗೆ ಎರಡು ಮೂರು ಮುಖ್ಯ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡು, ಅವಕ್ಕೆ ಮಾತ್ರ ಒಕ್ಕೊರಲಿನ ಉತ್ತರ ಬೇಡವೆಂದು ಹೇಳಿ, ಸ್ಲೇಟಿನಲ್ಲಿ ಬರೆಸುವುದು, ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸುವುದು. ಮೂರು ಎಣಿಸುವ ಮಾತು ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆಯ ಅಧ್ಯಯನದಿಂದ ಬಂದದ್ದು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಹಿಂದುಳಿದವರೆಂದು ಎಣಿಸಿದ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಅವರು 1970ರ ದಶಕದಲ್ಲಿ ತೋರಿಸಿಕೊಟ್ಟರು. ಸರ್ಕಾರಿ ಶಾಲೆಯಲ್ಲಾಗಲಿ ಖಾಸಗಿ ಶಾಲೆಯಲ್ಲಾಗಲಿ ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆದರೆ ನಲವತ್ತು ಮಕ್ಕಳ ಎದುರು ಮೂರು ಸೆಕೆಂಡ್ ಸುಮ್ಮನೆ ನಿಲ್ಲುವುದು ಅಂದುಕೊಂಡಷ್ಟು ಸುಲಭವಲ್ಲ, ಅಭ್ಯಾಸ ಬೇಕು.

ಹತ್ತು ದಿನದ ನಂತರ ಮುಖ್ಯೋಪಾಧ್ಯಾಯರು ಮತ್ತೆ ಹೋಗಿ ಅದೇ ಬಗೆಯ ಹಾಳೆ ಬರೆಯುತ್ತಾರೆ. ಈ ಸಲ ಪ್ರಶ್ನೆಗಳು 24. ಸ್ಲೇಟು ಮೂರು ಸಲ ಎದ್ದಿದೆ. ಮೊದಲ ಸಲವೇ ಹಲವು ಸ್ಲೇಟುಗಳಲ್ಲಿ ತಪ್ಪು ಕಂಡು ಶಿಕ್ಷಕಿ ಅಲ್ಲೇ ನಿಂತು ಮತ್ತೆ ವಿವರಿಸಿದ್ದಾರೆ. ಅಭ್ಯಾಸದ ಲೆಕ್ಕದಲ್ಲಿ ಛೇದ ಕೂಡಿದವರು 5 ಮಕ್ಕಳು. ಆದರೆ ಒಂದು ಹೊಸ ತೊಂದರೆಯೂ ಬಂದಿದೆ: ಒಂದು ಪಿರಿಯಡ್ಡಿನಲ್ಲಿ ಮುಗಿಯಬೇಕಿದ್ದದ್ದು ಎರಡು ಪಿರಿಯಡ್ ಹಿಡಿದಿದೆ, ಪೋರ್ಷನ್ ಹಿಂದೆ ಬಿದ್ದಿದೆ. ಇದು ಶಿಕ್ಷಕಿಯ ತಪ್ಪಲ್ಲ, ಒಪ್ಪಿಕೊಂಡ ಬದಲಾವಣೆಯ ಬೆಲೆ. ಇಲ್ಲಿ ಮುಖ್ಯೋಪಾಧ್ಯಾಯರು "ಪೋರ್ಷನ್ ಯಾಕೆ ಮುಗಿದಿಲ್ಲ" ಎಂದು ಮುಂದಿನ ಸಭೆಯಲ್ಲಿ ಕೇಳಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ನೀರುಪಾಲು. ಯಾವ ಅಧ್ಯಾಯಕ್ಕೆ ಹೆಚ್ಚು ದಿನ ಕೊಡಬೇಕು, ಯಾವುದನ್ನು ಬೇಗ ದಾಟಬಹುದು ಎಂಬುದನ್ನು ಇಬ್ಬರೂ ಕೂತು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ತಿದ್ದಿಕೊಳ್ಳಬೇಕು, ಮೇಲಿನವರು ಕೇಳಿದರೆ ಉತ್ತರ ಹೇಳುವ ಹೊಣೆ ಮುಖ್ಯೋಪಾಧ್ಯಾಯರೇ ಹೊರಬೇಕು.

ಈ ಇಡೀ ಕ್ರಮದಲ್ಲಿ ಹೆದರಿಕೆ ಹುಟ್ಟದಂತೆ ತಡೆಯುವುದು ಸೌಮ್ಯವಾದ ಮಾತಿಗಿಂತ ಹೆಚ್ಚಾಗಿ ಹಾಳೆಯ ಮೇಲಿನ ಹಕ್ಕು. ಬರೆದುಕೊಂಡ ಹಾಳೆ ಶಿಕ್ಷಕರದ್ದು. ಅದು ಸೇವಾ ಕಡತಕ್ಕೆ ಹೋಗುವುದಿಲ್ಲ, ವಾರ್ಷಿಕ ಕಾರ್ಯನಿರ್ವಹಣಾ ವರದಿಗೆ ಆಧಾರವಾಗುವುದಿಲ್ಲ, ಸಿಬ್ಬಂದಿ ಸಭೆಯಲ್ಲಿ ಉದಾಹರಣೆಯಾಗುವುದಿಲ್ಲ. ಮುಖ್ಯೋಪಾಧ್ಯಾಯರ ಬಳಿ ಉಳಿಯುವುದು ದಿನಾಂಕ, ತರಗತಿ ಮತ್ತು ಒಪ್ಪಿಕೊಂಡ ಒಂದು ಬದಲಾವಣೆ ಮಾತ್ರ. ಇಲಾಖೆಗೆ ವೀಕ್ಷಣೆಯ ದಾಖಲೆ ತೋರಿಸಬೇಕಾದಾಗ ಇಷ್ಟು ಸಾಕು. ಒಮ್ಮೆ, ಒಂದೇ ಒಂದು ಸಲ, ಆ ಹಾಳೆಯ ಮಾತು ಮೆಮೋದಲ್ಲಿ ಕಾಣಿಸಿಕೊಂಡರೆ ಇಡೀ ಶಾಲೆಯ ಶಿಕ್ಷಕರು ಮುಂದಿನ ಪಾಠ ವೀಕ್ಷಣೆಗೆ ಪ್ರದರ್ಶನದ ಪಾಠವನ್ನೇ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ. ಒಂದು ಪಿರಿಯಡ್ ನೋಡಿ ಶಿಕ್ಷಕರಿಗೆ ಅಂಕ ಕೊಡುವುದು ಅನ್ಯಾಯವೂ ಹೌದು. ಅದೇ ಶಿಕ್ಷಕಿ ಸೋಮವಾರ ಮೊದಲ ಪಿರಿಯಡ್ಡಿನಲ್ಲಿ ಕಲಿಸುವುದಕ್ಕೂ ಶುಕ್ರವಾರ ಊಟದ ನಂತರ ಕಲಿಸುವುದಕ್ಕೂ ಬಹಳ ವ್ಯತ್ಯಾಸವಿರುತ್ತದೆ.

ತರಗತಿಗಳಲ್ಲಿ ಸುಮ್ಮನೆ ಸುತ್ತಾಡಿ ಬರುವುದರಿಂದ ಈ ಲಾಭ ಸಿಗುವುದಿಲ್ಲ. ಜೇಸನ್ ಗ್ರಿಸಮ್, ಸುಸಾನಾ ಲೋಬ್ ಮತ್ತು ಬೆಂಜಮಿನ್ ಮಾಸ್ಟರ್ ಎಂಬ ಸಂಶೋಧಕರು ಅಮೆರಿಕದ ಮಯಾಮಿ-ಡೇಡ್ ಜಿಲ್ಲೆಯ ಸುಮಾರು ನೂರು ಶಾಲೆಗಳ ಪ್ರಾಂಶುಪಾಲರ ಬೆನ್ನಿಗೇ ವೀಕ್ಷಕರನ್ನು ಇಡೀ ದಿನ ಕಳಿಸಿ, ಅವರ ಹೊತ್ತು ಎಲ್ಲಿ ಹೋಗುತ್ತದೆ ಎಂದು ಬರೆಸಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬೋಧನೆಗೆ ಸಂಬಂಧಿಸಿದ ಕೆಲಸಕ್ಕೆ ಸಿಗುತ್ತಿದ್ದದ್ದು ಅವರ ದಿನದ ಎಂಟನೇ ಒಂದು ಭಾಗದಷ್ಟು ಹೊತ್ತು. ಅದರಲ್ಲೂ ಎಲ್ಲಕ್ಕಿಂತ ದೊಡ್ಡ ಪಾಲು ತರಗತಿಗಳಿಗೆ ಇಣುಕಿ ಬರುವ ಸುತ್ತಾಟದ್ದು. ಹೀಗೆ ಸುತ್ತಾಡಲು ಹೆಚ್ಚು ಹೊತ್ತು ಕೊಟ್ಟ ಪ್ರಾಂಶುಪಾಲರ ಶಾಲೆಗಳಲ್ಲಿ ಮಕ್ಕಳ ಪ್ರಗತಿ ಕಡಿಮೆಯೇ ಇತ್ತು. ಶಿಕ್ಷಕರ ಜೊತೆ ಕೂತು ಪಾಠವನ್ನು ತಿದ್ದಲು ಹೊತ್ತು ಕೊಟ್ಟ ಕಡೆ ಪ್ರಗತಿ ಹೆಚ್ಚಿತ್ತು. ನೋಡಿ ಬಂದು ಏನನ್ನೂ ಹೇಳದವರ ಬಗ್ಗೆ ಶಿಕ್ಷಕರಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಏನು ಬರೆದುಕೊಂಡು ಹೋದರು? ಇತ್ತೀಚೆಗೆ ಕೆಲವು ಖಾಸಗಿ ಶಾಲೆಗಳಲ್ಲಿ ತರಗತಿಗೆ ಸಿಸಿಟಿವಿ ಹಾಕಿಸಿ ಪ್ರಾಂಶುಪಾಲರ ಕೋಣೆಯಲ್ಲಿ ಪರದೆ ಇಟ್ಟುಕೊಳ್ಳುವ ರೂಢಿ ಬಂದಿದೆ. ಮಕ್ಕಳ ಸುರಕ್ಷತೆಗೆ ಅದರ ಉಪಯೋಗ ಬೇರೆ ಮಾತು. ಪಾಠದ ಗುಣಮಟ್ಟಕ್ಕೆ ಅದು ಇಣುಕಿ ಹೋಗುವ ಸುತ್ತಾಟಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅದರಲ್ಲಿ ಶಿಕ್ಷಕರು ಕೂತಿದ್ದಾರೋ ನಿಂತಿದ್ದಾರೋ ಕಾಣುತ್ತದೆ, ಮಗುವಿನ ಪುಸ್ತಕದ 2/7 ಕಾಣುವುದಿಲ್ಲ.

ಶಾಲೆಯಲ್ಲಿ ಹೆದರಿಕೆ ಬೇರೂರಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಕೆಲವು ಗುರುತುಗಳಿವೆ. ನೋಡಲು ಹೋದಾಗ ಪ್ರಶ್ನೆ ಮುಗಿಯುವ ಮೊದಲೇ ಮಕ್ಕಳು ಉತ್ತರ ಹೇಳುತ್ತಿದ್ದರೆ ಪಾಠ ನಿನ್ನೆಯೇ ಆಗಿದೆ. ಮಕ್ಕಳ ಪುಸ್ತಕದಲ್ಲಿ ಹಿಂದಿನ ದಿನಾಂಕ ಇರುತ್ತದೆ. ಕಿರುಪರೀಕ್ಷೆಗಳಲ್ಲಿ ಎಲ್ಲರಿಗೂ ಒಳ್ಳೆಯ ಅಂಕ ಬಂದು, ಬೇರೆಯವರು ಪ್ರಶ್ನೆಪತ್ರಿಕೆ ಕೊಟ್ಟಾಗ ಅದೇ ಮಕ್ಕಳು ಬರೆಯಲಾಗದಿದ್ದರೆ ಅಂಕಗಳು ಮೇಲಿನವರಿಗಾಗಿ ತುಂಬಿದ್ದು. ಎಲ್ಲಕ್ಕಿಂತ ನಂಬಬಹುದಾದ ಗುರುತು ಇನ್ನೊಂದಿದೆ. ಕಳೆದ ಒಂದು ತಿಂಗಳಲ್ಲಿ ಎಷ್ಟು ಶಿಕ್ಷಕರು ತಾವಾಗಿಯೇ ಬಂದು "ಈ ಪಾಠ ಮಕ್ಕಳಿಗೆ ಹತ್ತುತ್ತಿಲ್ಲ" ಎಂದು ಹೇಳಿದರು? ಯಾರೂ ಹೇಳಿಲ್ಲವೆಂದರೆ ಶಾಲೆಯಲ್ಲಿ ತೊಂದರೆ ಇಲ್ಲವೆಂದಲ್ಲ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ವಾರ್ಡುಗಳಿಂದಲೇ ಹೆಚ್ಚು ತಪ್ಪುಗಳು ವರದಿಯಾಗಿದ್ದವು. ಅಲ್ಲಿ ತಪ್ಪು ಹೆಚ್ಚು ಆಗುತ್ತಿತ್ತು ಎನ್ನುವುದಕ್ಕಿಂತ, ಆದ ತಪ್ಪನ್ನು ದಾದಿಯರು ಮುಚ್ಚಿಡುತ್ತಿರಲಿಲ್ಲ ಎಂಬುದು ಅವರು ಕಂಡುಕೊಂಡ ವಿವರಣೆ. ಶಾಲೆಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ.

ಶಿಕ್ಷಕರು ಹೀಗೆ ಬಾಯಿ ಬಿಡಬೇಕಾದರೆ ಮುಖ್ಯೋಪಾಧ್ಯಾಯರು ಮೊದಲು ತಮ್ಮ ತರಗತಿಯ ಬಾಗಿಲು ತೆರೆಯಬೇಕು. ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಬಹಳಷ್ಟು ಮುಖ್ಯೋಪಾಧ್ಯಾಯರು ತಾವೂ ಪಾಠ ಮಾಡುತ್ತಾರೆ. ವರ್ಷದ ಮೊದಲ ವೀಕ್ಷಣೆ ಅವರದೇ ಆಗಲಿ. ಕಿರಿಯ ಶಿಕ್ಷಕರೊಬ್ಬರು ಬಂದು ಅದೇ ಬಗೆಯ ಹಾಳೆ ಬರೆಯಲಿ, ಆ ಹಾಳೆಯನ್ನು ಎಲ್ಲರ ಎದುರು ಓದಲಿ. ಇದು ಬರೀ ಸೌಜನ್ಯವಲ್ಲ. ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು 2008ರಲ್ಲಿ ಶಾಲಾ ನಾಯಕತ್ವದ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪರಿಣಾಮ ಕಂಡದ್ದು ಶಿಕ್ಷಕರ ಕಲಿಕೆಯನ್ನು ಪ್ರೋತ್ಸಾಹಿಸಿ, ಅದರಲ್ಲಿ ತಾವೂ ಪಾಲ್ಗೊಂಡ ಮುಖ್ಯಸ್ಥರಿದ್ದ ಕಡೆ.

ಸಮಯದ ಪ್ರಶ್ನೆಗೆ ಉತ್ತರ ಸಣ್ಣದು. ಎಂಟು ಶಿಕ್ಷಕರ ಶಾಲೆಯಲ್ಲಿ ವಾರಕ್ಕೆ ಎರಡು ಪಿರಿಯಡ್ ಮೀಸಲಿಟ್ಟರೆ ತಿಂಗಳಿಗೊಮ್ಮೆ ಎಲ್ಲರ ಪಾಠವನ್ನೂ ನೋಡಬಹುದು. ಮುಂಚಿನ ಮತ್ತು ನಂತರದ ಮಾತು ಸೇರಿಸಿದರೆ ವಾರಕ್ಕೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಆ ಎರಡು ಪಿರಿಯಡ್ಡುಗಳು ವೇಳಾಪಟ್ಟಿಯಲ್ಲಿ ಅಚ್ಚಾಗಿರಬೇಕು. ಬಿಡುವಾದಾಗ ನೋಡೋಣ ಎಂದರೆ ಬಿಡುವು ಬರುವುದಿಲ್ಲ.

ಇನ್ನೊಂದು ತೊಡಕು ವಿಷಯಜ್ಞಾನದ್ದು. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಸಮಾಜ ವಿಜ್ಞಾನದವರಾಗಿದ್ದು, ಹತ್ತನೇ ತರಗತಿಯ ವಿದ್ಯುಚ್ಛಕ್ತಿಯ ಪಾಠ ನೋಡಬೇಕಾದಾಗ ಅವರಿಗೆ ಯಾರು ಉತ್ತರ ಹೇಳಿದರು, ಯಾರು ಬರೆದರು ಎಂಬುದು ಕಾಣುತ್ತದೆ, ವಿವರಣೆಯಲ್ಲಿ ಎಲ್ಲಿ ಎಳೆ ತಪ್ಪಿತು ಎಂಬುದು ಕಾಣದೇ ಹೋಗಬಹುದು. ಅದನ್ನು ಶಿಕ್ಷಕರ ಎದುರು ಹಾಗೆಯೇ ಹೇಳಿಬಿಡುವುದು ಒಳ್ಳೆಯದು. ಆ ಭಾಗವನ್ನು ಅದೇ ವಿಷಯದ ಇನ್ನೊಬ್ಬ ಶಿಕ್ಷಕರು ನೋಡಬೇಕು, ಅಥವಾ ಅಕ್ಕಪಕ್ಕದ ಶಾಲೆಗಳ ವಿಜ್ಞಾನ ಶಿಕ್ಷಕರು ತಿಂಗಳಿಗೊಮ್ಮೆ ಒಂದೆಡೆ ಸೇರಿ ಒಬ್ಬರ ಪಾಠವನ್ನು ಒಟ್ಟಿಗೆ ಯೋಜಿಸಿ ಒಟ್ಟಿಗೆ ನೋಡಬೇಕು. ಜಪಾನಿನ ಶಾಲೆಗಳಲ್ಲಿ ಪಾಠಾಧ್ಯಯನ ಎಂಬ ಹೆಸರಿನಲ್ಲಿ ಇದು ದೀರ್ಘಕಾಲದಿಂದ ನಡೆದುಬಂದಿದೆ. ಪಾಠವನ್ನು ಎಲ್ಲರೂ ಸೇರಿ ಕಟ್ಟಿರುವುದರಿಂದ ಅಲ್ಲಿ ವಿಮರ್ಶೆ ಬೀಳುವುದು ಪಾಠದ ಮೇಲೆ, ಆ ದಿನ ಅದನ್ನು ಮಾಡಿದ ಶಿಕ್ಷಕರ ಮೇಲಲ್ಲ. ಮುಖ್ಯೋಪಾಧ್ಯಾಯರಿಗೆ ವರ್ಗಾವಣೆಯಾದ ಮೇಲೂ ಉಳಿಯುವ ವ್ಯವಸ್ಥೆ ಇದೊಂದೇ.

ಹೆದರಿಕೆ ಬೇಡ ಎಂಬ ಮಾತಿಗೆ ಒಂದು ಗಡಿಯೂ ಇದೆ. ಶಾಲೆಗೆ ಬಾರದೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವುದು, ಮಕ್ಕಳಿಗೆ ಹೊಡೆಯುವುದು, ಜಾತಿಯ ಹೆಸರೆತ್ತಿ ಹೀಯಾಳಿಸುವುದು ಇವು ಪಾಠದ ದೋಷಗಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಂಥಲ್ಲಿ ಪಕ್ಕದಲ್ಲಿ ಕೂತು ಹಾಳೆ ತೋರಿಸುವ ಮಾತಿಲ್ಲ. ಕಾರಣ ಕೇಳಿ ನೋಟಿಸು, ಲಿಖಿತ ಉತ್ತರ, ಮೇಲಧಿಕಾರಿಗೆ ವರದಿ ಎಂಬ ದಾರಿಯಲ್ಲೇ, ಅಂದೇ ನಡೆಯಬೇಕು. ಈ ಕಡತಕ್ಕೂ ಪಾಠ ವೀಕ್ಷಣೆಯ ಹಾಳೆಗೂ ನಂಟು ಇರಬಾರದು, ನಂಟಿಲ್ಲವೆಂಬುದು ಎಲ್ಲ ಶಿಕ್ಷಕರಿಗೂ ಕಾಣುವಂತಿರಬೇಕು. ಇವೆರಡರ ನಡುವೆ ಕಷ್ಟದ ಒಂದು ಪ್ರಕರಣವಿದೆ: ಯಾವ ಅಪರಾಧವನ್ನೂ ಮಾಡದ, ಆದರೆ ವರ್ಷವಿಡೀ ನೋಡಿ ಮಾತಾಡಿದರೂ ಒಪ್ಪಿಕೊಂಡ ಒಂದು ಬದಲಾವಣೆಯನ್ನೂ ಮಾಡಿ ನೋಡದ ಶಿಕ್ಷಕರು. ಅವರಿಗೆ ಮುಖ್ಯೋಪಾಧ್ಯಾಯರು ಮುಚ್ಚುಮರೆಯಿಲ್ಲದೆ, "ಇನ್ನು ಮುಂದೆ ನಾನು ಬರುವುದು ನಿಮ್ಮ ಪಾಠದ ಮೌಲ್ಯಮಾಪನಕ್ಕೆ, ಬರೆದದ್ದು ಕಡತದಲ್ಲಿ ಇರುತ್ತದೆ" ಎಂದು ಮೊದಲೇ ತಿಳಿಸಿ, ಏನು ಬದಲಾಗಬೇಕು, ಎಷ್ಟು ತಿಂಗಳೊಳಗೆ ಎಂಬುದನ್ನು ಬರೆದುಕೊಟ್ಟು, ಸಾಧ್ಯವಾದರೆ ಇನ್ನೊಬ್ಬ ಅಧಿಕಾರಿಯನ್ನೂ ಜೊತೆಗೆ ಕರೆದು ನೋಡಬೇಕು. ಹಳೆಯ ಹಾಳೆಗಳು ಆಗಲೂ ಆ ಕಡತಕ್ಕೆ ಸೇರುವಂತಿಲ್ಲ.